ನೀರೊಳಗಿನ ಬೆಟ್ಟ ಎಷ್ಟು ಎತ್ತರ?

ಕೆರೆಯ ಫೋಟೊಗೆ ಪ್ರತಿಬಿಂಬ ಸೇರಿಸುವುದು ಆಲ್ಬಂ ಡಿಸೈನ್ ಮಾಡುವ ಹುಡುಗರಿಗೆ ಎರಡು ನಿಮಿಷದ ಕೆಲಸ. ದಡದಿಂದ ಮೇಲಿರುವುದನ್ನೆಲ್ಲ ಸೆಲೆಕ್ಟ್ ಮಾಡಿ, ಕಾಪಿ ತೆಗೆದು, ತಲೆಕೆಳಗು ಮಾಡಿ ನೀರಿನ ಮೇಲೆ ಕೂರಿಸುತ್ತಾರೆ. ಒಂದಿಷ್ಟು ಮಸುಕು, ಒಂದಿಷ್ಟು ನೀಲಿ ಬಣ್ಣ, ಅಲ್ಲಿಗೆ ಮುಗಿಯಿತು. ರೆಸಾರ್ಟ್ ಕರಪತ್ರಗಳಲ್ಲಿ, ಗೋಡೆ ಕ್ಯಾಲೆಂಡರುಗಳಲ್ಲಿ, ಪ್ರಿ-ವೆಡ್ಡಿಂಗ್ ಆಲ್ಬಮ್ಮುಗಳಲ್ಲಿ ಹೀಗೆ ಹುಟ್ಟಿದ ಜೋಡಿ ಬೆಟ್ಟಗಳು ಬೇಕಾದಷ್ಟು ಸಿಗುತ್ತವೆ. ಮೊದಲ ನೋಟಕ್ಕೆ ಚೆಂದವೇ. ಇನ್ನೊಮ್ಮೆ ನೋಡಿದರೆ ಎಲ್ಲೋ ಏನೋ ಕಿರಿಕಿರಿ, ಆದರೆ ಯಾವುದು ತಪ್ಪೆಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಬೆರಳಿಡಬೇಕಾದ್ದು ಹೆಚ್ಚಿನ ಸಲ ಒಂದೇ ಕಡೆ. ನೀರೊಳಗಿನ ಬೆಟ್ಟ ಇರಬೇಕಾದ್ದಕ್ಕಿಂತ ಉದ್ದವಾಗಿರುತ್ತದೆ. ಮೇಲೆ ಕಂಡಷ್ಟೇ ಬೆಟ್ಟ ಕೆಳಗೂ ಕಾಣಬೇಕು ಎಂಬ ನಮ್ಮ ನಂಬಿಕೆಯೇ ಇದಕ್ಕೆ ಕಾರಣ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಖಗೋಳ ವಿಜ್ಞಾನಿಯಾಗಿದ್ದ ಮಾರ್ಸೆಲ್ ಮಿನಾರ್ಟ್, ಬಯಲಿನಲ್ಲಿ ಬರಿಗಣ್ಣಿಗೆ ಕಾಣುವ ಬೆಳಕಿನ ಆಟಗಳ ಕುರಿತು 1937ರಲ್ಲಿ ಒಂದು ಪುಸ್ತಕ ತಂದರು. ನೀರಿನಲ್ಲಿ ಕಾಣುವ ಚಿತ್ರ ಮೇಲಿನ ಚಿತ್ರದ ಮಗುಚಿದ ನಕಲಲ್ಲ ಎಂಬುದನ್ನು ಅದರಲ್ಲಿ ಅವರು ವಿವರಿಸಿದ್ದಾರೆ. ಫೋಟೊಶಾಪ್ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಉತ್ತರ ಸಿದ್ಧವಿತ್ತು ಅನ್ನಿ.

ಇದನ್ನು ನಂಬಲು ಕೆರೆಗೆ ಹೋಗಬೇಕಿಲ್ಲ. ಮೇಜಿನ ಮೇಲೆ ಒಂದು ಕನ್ನಡಿಯನ್ನು ಅಂಗಾತ ಮಲಗಿಸಿ. ಅದರ ಆಚೆ ಅಂಚಿನಲ್ಲಿ ಒಂದು ಲೋಟ ಇಡಿ. ಲೋಟದ ಹಿಂದೆ ಒಂದೆರಡು ಅಡಿ ದೂರದಲ್ಲಿ ಉದ್ದನೆಯ ನೀರಿನ ಬಾಟಲಿ ಇರಲಿ. ಈಗ ಕಣ್ಣನ್ನು ಬಹುತೇಕ ಕನ್ನಡಿಯ ಮಟ್ಟಕ್ಕೇ ಇಳಿಸಿ ನೋಡಿ: ಲೋಟದ ಮೇಲೆ ಬಾಟಲಿಯ ಕುತ್ತಿಗೆ ಎಷ್ಟು ಕಾಣುತ್ತದೋ ಕನ್ನಡಿಯೊಳಗೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಮೆಲ್ಲಗೆ ತಲೆ ಎತ್ತುತ್ತ ಬನ್ನಿ. ನೇರ ನೋಟದಲ್ಲಿ ಬಾಟಲಿ ಇನ್ನಷ್ಟು ಕಾಣುತ್ತ ಹೋಗುತ್ತದೆ, ಕನ್ನಡಿಯಲ್ಲಿ ಮಾತ್ರ ಲೋಟದ ಹಿಂದೆ ಮುಳುಗುತ್ತದೆ. ಒಂದು ಹಂತದಲ್ಲಿ ಪೂರ್ತಿ ಮರೆಯಾಗುತ್ತದೆ. ಕನ್ನಡಿ ತೋರಿಸುವುದು ನಮ್ಮ ಕಣ್ಣಿಗೆ ಕಂಡದ್ದನ್ನಲ್ಲ. ಕಣ್ಣು ಕನ್ನಡಿಯಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇನ್ನೊಂದು ಕಣ್ಣಿದ್ದಿದ್ದರೆ ಅದಕ್ಕೆ ಕಾಣುತ್ತಿದ್ದುದನ್ನು. ಕೆಳಗಿನಿಂದ ನೋಡುವ ಆ ಕಣ್ಣಿಗೆ ಹತ್ತಿರದ ವಸ್ತು ಎತ್ತರವಾಗಿ ಕಂಡು ದೂರದ್ದನ್ನು ಮರೆಮಾಡುತ್ತದೆ.

ಈಗ ಕೆರೆಗೆ ಬರೋಣ. ಚಿಕ್ಕಮಗಳೂರಿನ ಹತ್ತಿರ ಹಿರೇಕೊಳಲೆ ಕೆರೆಯಿದೆ. ಏರಿಯ ಮೇಲೆ ನಿಂತರೆ ಎದುರು ದಡದ ಮರಗಳ ಸಾಲು, ಅದರ ಹಿಂದೆ ಚಂದ್ರದ್ರೋಣ ಶ್ರೇಣಿಯ ಗುಡ್ಡಗಳು. ಗಾಳಿ ಇರುವ ಹೊತ್ತಿನಲ್ಲಿ ಹೋದವರಿಗೆ ನೀರಿನಲ್ಲಿ ಬೆಟ್ಟ ಸಿಗುವುದಿಲ್ಲ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಸೇರಿಸುವ ಆಸೆ ಹುಟ್ಟುವುದು ಆಗಲೇ. ಅಂಥದೊಂದು ಚಿತ್ರವನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಅಂಕಿಗಳು ಆ ಕೆರೆಯ ಅಳತೆಯಲ್ಲ, ಲೆಕ್ಕ ಸುಲಭವಾಗಲೆಂದು ನಾನು ಹಿಡಿದುಕೊಂಡವು.

ಕ್ಯಾಮೆರಾ ನೀರಿನ ಮಟ್ಟದಿಂದ 3 ಮೀಟರ್ ಮೇಲಿದೆ. ಎದುರು ದಡ 120 ಮೀಟರ್ ದೂರ, ಅಲ್ಲಿ ನೀರಂಚಿನಲ್ಲೇ 12 ಮೀಟರ್ ಎತ್ತರದ ಮರಗಳು. ಬೆಟ್ಟ 4 ಕಿಲೋಮೀಟರ್ ದೂರ, ನೀರಿನ ಮಟ್ಟದಿಂದ 600 ಮೀಟರ್ ಎತ್ತರ. ಚಿತ್ರ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಲೆನ್ಸ್ ಫುಲ್-ಫ್ರೇಮ್ ಕ್ಯಾಮೆರಾದ 24 ಎಂಎಂ. ಈ ಜೋಡಿಯಲ್ಲಿ ಒಂದು ಅನುಕೂಲವಿದೆ. ಒಂದು ವಸ್ತುವಿನ ತುದಿ ಕ್ಯಾಮೆರಾಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಅದರ ದೂರದಿಂದ ಭಾಗಿಸಿ 4000ದಿಂದ ಗುಣಿಸಿದರೆ, ಆ ತುದಿ ದಿಗಂತದಿಂದ ಎಷ್ಟು ಪಿಕ್ಸೆಲ್ ಮೇಲೆ ಬೀಳುತ್ತದೆಂದು ಸಿಗುತ್ತದೆ. ಕ್ಯಾಮೆರಾವನ್ನು ಮೇಲೆ ಕೆಳಗೆ ಬಗ್ಗಿಸದೆ ನೇರ ಹಿಡಿದಿದ್ದರೆ ದಿಗಂತ ಚಿತ್ರದ ಸರಿಯಾಗಿ ನಡುವೆ ಇರುತ್ತದೆ.

ಮರದ ತುದಿ ಕ್ಯಾಮೆರಾಕ್ಕಿಂತ 9 ಮೀಟರ್ ಮೇಲೆ. 120ರಿಂದ ಭಾಗಿಸಿ 4000ದಿಂದ ಗುಣಿಸಿದರೆ 300 ಪಿಕ್ಸೆಲ್. ಬೆಟ್ಟದ ತುದಿ 597 ಪಿಕ್ಸೆಲ್. ಅಂದರೆ ಮರಗಳ ನೆತ್ತಿಯ ಮೇಲೆ ಬೆಟ್ಟ 297 ಪಿಕ್ಸೆಲ್ ಎದ್ದು ಕಾಣುತ್ತದೆ. ಎದುರು ದಡದ ನೀರಂಚು ದಿಗಂತದಿಂದ 100 ಪಿಕ್ಸೆಲ್ ಕೆಳಗೆ.

ನೀರಿನ ಲೆಕ್ಕದಲ್ಲಿ ಕ್ಯಾಮೆರಾದ 3 ಮೀಟರನ್ನು ಕಳೆಯುವ ಬದಲು ಕೂಡಬೇಕು. ಮರದ ತುದಿಯ ಪ್ರತಿಬಿಂಬಕ್ಕೆ 15 ಮೀಟರ್. ಅದು ದಿಗಂತದಿಂದ 500 ಪಿಕ್ಸೆಲ್ ಕೆಳಗೆ ಬೀಳುತ್ತದೆ. ಬೆಟ್ಟದ ತುದಿಯದು 603 ಪಿಕ್ಸೆಲ್ ಕೆಳಗೆ. ಎರಡರ ನಡುವೆ ಉಳಿಯುವುದು 103 ಪಿಕ್ಸೆಲ್ ಮಾತ್ರ. ಮೇಲೆ ಮುನ್ನೂರು, ನೀರಲ್ಲಿ ನೂರು. ಬೆಟ್ಟದ ಮೂರನೇ ಒಂದು ಪಾಲಷ್ಟೇ ನೀರಿಗೆ ಇಳಿಯಿತು, ಉಳಿದದ್ದನ್ನು ಮರಗಳ ಪ್ರತಿಬಿಂಬವೇ ನುಂಗಿತು.

ಎರಡು ನಿಮಿಷದ ವಿಧಾನದಲ್ಲಿ ಏನಾಗುತ್ತದೆ? ಎಲ್ಲವನ್ನೂ ನೀರಂಚಿನ ಗೆರೆಯ ಮೇಲೆ ಒಟ್ಟಿಗೆ ಮಗುಚುತ್ತೇವೆ. ಮರ ಸರಿಯಾಗಿ 500ಕ್ಕೇ ಬೀಳುತ್ತದೆ, ಯಾಕೆಂದರೆ ಅದು ನಿಂತಿರುವುದೇ ಆ ಗೆರೆಯ ಮೇಲೆ. ಬೆಟ್ಟ ಮಾತ್ರ 603ರ ಬದಲು 797ಕ್ಕೆ ಬೀಳುತ್ತದೆ. ತಪ್ಪು 194 ಪಿಕ್ಸೆಲ್. ನೀರಿನಲ್ಲಿ ಕಾಣಬೇಕಾದ್ದರ ಸುಮಾರು ಮೂರು ಪಟ್ಟು ಬೆಟ್ಟ ಕಾಣುತ್ತಿದೆ ಎಂದಾಯಿತು. ಕಿರಿಕಿರಿ ಇಲ್ಲಿಂದ ಬರುವುದು.

ಇದರಿಂದ ಹೊರಡುವ ನಿಯಮ ಸರಳ. ಪ್ರತಿಯೊಂದು ವಸ್ತುವೂ ತನ್ನ ಬುಡದಡಿಯ ನೀರಿನ ಮಟ್ಟದ ಮೇಲೆ ಮಗುಚಿಕೊಳ್ಳುತ್ತದೆ, ಅಲ್ಲಿ ನೀರೇ ಇಲ್ಲದಿದ್ದರೂ ಆ ಮಟ್ಟವನ್ನು ಊಹಿಸಿಕೊಳ್ಳಬೇಕು. ದಡದ ಮರಕ್ಕೆ ಅದು ನೀರಂಚು. ನಾಲ್ಕು ಕಿಲೋಮೀಟರ್ ಆಚೆಯ ಬೆಟ್ಟಕ್ಕೆ ಅದು ದಿಗಂತದಿಂದ ಬರೀ 3 ಪಿಕ್ಸೆಲ್ ಕೆಳಗೆ. ಮೋಡಕ್ಕೆ ದಿಗಂತವೇ. ಆದ್ದರಿಂದ ಚಿತ್ರವನ್ನು ಮಗುಚುವ ಮೊದಲು ಮರಗಳ ಸಾಲನ್ನು ಒಂದು ಲೇಯರ್ ಆಗಿಯೂ ಬೆಟ್ಟ ಮತ್ತು ಆಕಾಶವನ್ನು ಇನ್ನೊಂದು ಲೇಯರ್ ಆಗಿಯೂ ಬೇರ್ಪಡಿಸಿ. ಫೋಟೊಶಾಪಿನ `Edit > Transform > Flip Vertical` ಆದೇಶದಿಂದ ಎರಡನ್ನೂ ಒಟ್ಟಿಗೇ ಮಗುಚಿ ನೀರಂಚಿಗೆ ಹೊಂದಿಸಿ. ಆಮೇಲೆ ದೂರದ ಲೇಯರನ್ನು ಮಾತ್ರ, ನೀರಂಚಿಗೂ ದಿಗಂತಕ್ಕೂ ಇರುವ ಅಂತರದ ಎರಡರಷ್ಟು ಮೇಲಕ್ಕೆ ಸರಿಸಿ. ನಮ್ಮ ಚಿತ್ರದಲ್ಲಿ ಅಂತರ 100, ಸರಿಸಬೇಕಾದ್ದು 200. ಲೆಕ್ಕ ಹೇಳಿದ 194ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಮರಗಳ ಲೇಯರ್ ಮೇಲೆ, ಬೆಟ್ಟದ್ದು ಅದರ ಕೆಳಗೆ ಇರಲಿ.

ಬೇಕಾಗುವ ಬೆಟ್ಟ ನಮ್ಮಲ್ಲಿ ಇರುವುದಕ್ಕಿಂತ ಕಡಿಮೆ, ಹಾಗಾಗಿ ಇಲ್ಲದ್ದನ್ನು ಹುಟ್ಟಿಸುವ ಕಷ್ಟವಿಲ್ಲ. ಮರಗಳ ಕೊಂಬೆಗಳ ನಡುವಿನ ಸಂದುಗಳಲ್ಲಿ ಮಾತ್ರ ಹಿಂದಿನ ಬೆಟ್ಟದ ಚೂರು ಅಂಟಿಕೊಂಡು ಬಂದಿರುತ್ತದೆ. ಅದನ್ನು ಕ್ಲೋನ್ ಸ್ಟ್ಯಾಂಪಿನಿಂದ ಸರಿಪಡಿಸಬೇಕು.

ಬೆಟ್ಟವೇ ಅಡ್ಡ ನಿಂತಿರುವಾಗ ದಿಗಂತವನ್ನು ಕಂಡುಹಿಡಿಯುವುದು ಹೇಗೆ ಎಂದು ಕೇಳಬಹುದು. ಕ್ಯಾಮೆರಾ ನೇರವಿದ್ದರೆ ಚಿತ್ರದ ನಡುಗೆರೆಯೇ ದಿಗಂತ ಎಂದೆ. ಕ್ರಾಪ್ ಮಾಡಿದ ಚಿತ್ರವಾದರೆ ಆ ದಾರಿ ಮುಚ್ಚಿತು. ಆಗ ದಡದ ಮರವನ್ನೇ ಅಳತೆಗೋಲು ಮಾಡಿಕೊಳ್ಳಿ. ಕ್ಯಾಮೆರಾದ ಎತ್ತರದಲ್ಲಿರುವುದೆಲ್ಲ, ಅದು ಎಷ್ಟು ದೂರವಿದ್ದರೂ, ದಿಗಂತದ ಗೆರೆಯ ಮೇಲೇ ಬೀಳುತ್ತದೆ. ಮರ 12 ಮೀಟರ್, ನಿಮ್ಮ ಕ್ಯಾಮೆರಾ ನೀರಿನಿಂದ 3 ಮೀಟರ್ ಮೇಲಿತ್ತು ಎಂದರೆ ಮರದ ಕಾಲು ಭಾಗದ ಎತ್ತರದಲ್ಲಿ ದಿಗಂತ ಹಾದುಹೋಗುತ್ತದೆ. ಮರದ ಎತ್ತರವನ್ನು ಸ್ವಲ್ಪ ತಪ್ಪಾಗಿ ಊಹಿಸಿದರೂ ಬರುವ ಫಲಿತಾಂಶ ಕಣ್ಣುಮುಚ್ಚಿ ಮಗುಚಿದ್ದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಎಡವಟ್ಟು ದಡದ ಓರೆಯದು. ಎದುರು ದಡ ಚಿತ್ರದ ಅಗಲಕ್ಕೂ ಒಂದೇ ದೂರದಲ್ಲಿರುವುದು ಅಪರೂಪ. ಬಲಗಡೆ ಹತ್ತಿರ ಬಂದಿದ್ದರೆ ನೀರಂಚು ಬಲಕ್ಕೆ ಇಳಿಯುತ್ತ ಬರುತ್ತದೆ. ಮಗುಚಿದ ಲೇಯರಿನಲ್ಲಿ ಅದೇ ಅಂಚು ಬಲಕ್ಕೆ ಏರುತ್ತದೆ. ಎರಡೂ ಕೂಡದೆ ಬೆಣೆಯಾಕಾರದ ಸಂದು ಬೀಳುತ್ತದೆ. ಹೆಚ್ಚಿನವರು ಇಲ್ಲಿ ಲೇಯರನ್ನು ತಿರುಗಿಸಿ ಅಂಚು ಕೂಡಿಸುತ್ತಾರೆ. ಸಂದು ಮುಚ್ಚುತ್ತದೆ, ಮರಗಳು ಮಾತ್ರ ನೀರೊಳಗೆ ಕುಡಿದವರ ಹಾಗೆ ವಾಲುತ್ತವೆ. ಮಾಡಬೇಕಾದ್ದು `Edit > Transform > Skew`. ಲೇಯರಿನ ಬಲ ಅಂಚನ್ನು ಹಿಡಿದು ಕೆಳಕ್ಕೆ ಎಳೆದರೆ ಅಂಚು ಕೂಡುತ್ತದೆ, ಕಾಂಡಗಳು ನೆಟ್ಟಗೇ ಉಳಿಯುತ್ತವೆ. ಇದು ಮರಗಳ ಲೇಯರಿಗೆ ಮಾತ್ರ. ಬೆಟ್ಟಕ್ಕೆ ದಡದ ಓರೆಯ ಹಂಗಿಲ್ಲ, ಅದನ್ನು ಮುಟ್ಟಬೇಡಿ. ದಡ ಬಾಗಿ ಬಾಗಿ ಸಾಗಿದ್ದರೆ ಮರಗಳನ್ನು ಎರಡು ಮೂರು ತುಂಡು ಮಾಡಿ ಒಂದೊಂದನ್ನೂ ಹೀಗೇ ಕೂಡಿಸಬೇಕು. ಇದಕ್ಕೆಲ್ಲ ಮೊದಲು ಇಡೀ ಚಿತ್ರ ಓರೆಯಾಗಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಮೂಲದಲ್ಲಿ ಒಂದು ಡಿಗ್ರಿ ವಾಲಿದ್ದರೆ ಮರಕ್ಕೂ ಅದರ ಬಿಂಬಕ್ಕೂ ನಡುವೆ ಎರಡು ಡಿಗ್ರಿ ವ್ಯತ್ಯಾಸ ಬರುತ್ತದೆ.

ಆಕಾರದ ಕೆಲಸ ಇಲ್ಲಿಗೆ ಮುಗಿಯಿತು. ಉಳಿದದ್ದು ಬೆಳಕು.

ನೀರು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವುದಿಲ್ಲ. ಎಷ್ಟು ಹಿಂದಿರುಗಿಸುತ್ತದೆ ಎಂಬುದು ನಾವು ಎಷ್ಟು ಓರೆಯಾಗಿ ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಕೊಟ್ಟ ಸೂತ್ರವನ್ನು ನಮ್ಮ ಚಿತ್ರಕ್ಕೆ ಹಾಕಿದರೆ ಹೀಗೆ ಬರುತ್ತದೆ: ಎದುರು ದಡದ ನೀರಂಚಿನಲ್ಲಿ ಶೇ 85ರಷ್ಟು ಬೆಳಕು ಹಿಂದಿರುಗುತ್ತದೆ. ಬೆಟ್ಟದ ತುದಿಯ ಬಿಂಬ ಬೀಳುವಲ್ಲಿ ಶೇ 40. ಚಿತ್ರದ ಕೆಳ ಅಂಚಿನಲ್ಲಿ, ಅಂದರೆ ನಮ್ಮ ಕಾಲಿನ ಹತ್ತಿರ, ಶೇ 8 ಮಾತ್ರ. ಕೆರೆಯ ದಡದಲ್ಲಿ ನಿಂತಾಗ ದೂರದ ನೀರು ಕನ್ನಡಿಯಾಗಿಯೂ ಕಾಲಡಿಯ ನೀರು ಕಲ್ಲು ಪಾಚಿ ತೋರಿಸುವ ಗಾಜಾಗಿಯೂ ಕಾಣುವುದು ಇದರಿಂದ.

ಈ ಇಳಿತವನ್ನು ಲೇಯರ್ ಮಾಸ್ಕಿನ ಮೇಲೆ ಗ್ರೇಡಿಯಂಟ್ ಎಳೆದು ತರಬೇಕು. ಆದರೆ 85, 40, 8 ಎಂಬ ಅಂಕಿಗಳನ್ನು ಹಾಗೆಯೇ ತುಂಬಿದರೆ ಬಿಂಬ ವಿಪರೀತ ಕಪ್ಪಾಗುತ್ತದೆ. ಫೋಟೊ ಫೈಲಿನಲ್ಲಿರುವ ಸಂಖ್ಯೆ ಬೆಳಕಿನ ನೇರ ಅಳತೆಯಲ್ಲ, ಕಣ್ಣಿಗೆ ಹೊಂದುವಂತೆ ಬಾಗಿಸಿದ ಅಳತೆ. ಅದಕ್ಕೆ ಹೊಂದಿಸಿದರೆ ದಡದಲ್ಲಿ 93, ಬೆಟ್ಟದ ತುದಿಯಲ್ಲಿ 66, ಕೆಳ ಅಂಚಿನಲ್ಲಿ 31 ಆಗುತ್ತದೆ. ಇದು ಕತ್ತಲೆ ತಳದ ಕೆರೆಗೆ ಲೆಕ್ಕ. ತಳ ಕಾಣುವ ಅಥವಾ ಕೆಂಪು ನೀರಿನ ಕೆರೆಯಾದರೆ ಕೆಳಗಿನ ಮೂಲ ಚಿತ್ರದ ನೀರೇ ಉಳಿದ ಜಾಗ ತುಂಬಿಕೊಳ್ಳುತ್ತದೆ, ಅದನ್ನು ಅಳಿಸದೆ ಬಿಡಿ. ಬೆಟ್ಟದ ತುದಿಯ ಶೇ 40 ಎಂದರೆ ಕ್ಯಾಮೆರಾದವರ ಭಾಷೆಯಲ್ಲಿ ಒಂದೂಕಾಲು ಸ್ಟಾಪಿಗಿಂತ ತುಸು ಹೆಚ್ಚು ಕತ್ತಲೆ. ಪ್ರತಿಬಿಂಬದ ಆಕಾಶ ಮೇಲಿನ ಆಕಾಶಕ್ಕಿಂತ ಬೆಳಗಿ ಕಂಡರೆ ಆ ಚಿತ್ರವನ್ನು ಅಲ್ಲಿಗೇ ಅನುಮಾನಿಸಬಹುದು.

ಮರಗಳ ಕಡುನೆರಳಿನ ಕಥೆ ತಿರುಗುಮುರುಗು. ಕಪ್ಪು ಭಾಗದಿಂದ ಹಿಂದಿರುಗುವ ಬೆಳಕೇ ಇಲ್ಲದಿರುವುದರಿಂದ ಅಲ್ಲಿ ನೀರಿನ ಸ್ವಂತ ಬಣ್ಣ ಇಣುಕುತ್ತದೆ. ಮಳೆಗಾಲದ ಕೆರೆಯಲ್ಲಿ ಅದು ಮಣ್ಣುಕೆಂಪು, ಪಾಚಿಗಟ್ಟಿದ ಕೆರೆಯಲ್ಲಿ ಹಸಿರು. ಹೀಗೆ ಬಿಳುಪು ಇಳಿದು, ಕಪ್ಪು ಏರಿ, ಒಟ್ಟಾರೆ ಕಾಂಟ್ರಾಸ್ಟ್ ಕುಗ್ಗುತ್ತದೆ. ಕರ್ವ್ಸ್ ತೆರೆದು ಬಲ ತುದಿಯನ್ನು ಸ್ವಲ್ಪ ಕೆಳಗೆ, ಎಡ ತುದಿಯನ್ನು ಸ್ವಲ್ಪ ಮೇಲೆ ಎಳೆದರೆ ಸಾಕು. ನೀಲಿ ಬಳಿಯುವ ಚಾಳಿಯನ್ನು ದಯವಿಟ್ಟು ಬಿಡಿ. ನೀರು ನೀಲಿಯಾಗಿ ಕಾಣುವುದು ಬಹುಮಟ್ಟಿಗೆ ನೀಲಿ ಆಕಾಶ ಅದರಲ್ಲಿ ಕಂಡಾಗ. ಮರದ ಬಿಂಬದ ಮೇಲೆ ನೀಲಿ ಬರಲು ಕಾರಣವೇ ಇಲ್ಲ.

ಕೊನೆಗೆ ಅಲೆ. ಎಷ್ಟೇ ನಿಂತ ನೀರಾದರೂ ಕಣ್ಣಿಗೆ ಕಾಣದಷ್ಟು ಮೆಲು ಅಲುಗಾಟ ಇದ್ದೇ ಇರುತ್ತದೆ, ಅದು ಬಿಂಬವನ್ನು ಮೇಲೆ ಕೆಳಗೆ ಎಳೆಯುತ್ತದೆ. ದೂರದ ನೀರನ್ನು ನಾವು ಬಹಳ ಓರೆಯಾಗಿ ನೋಡುವುದರಿಂದ ಅಕ್ಕಪಕ್ಕದ ಎಳೆತ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ನೀರಿನಲ್ಲಿ ನೆಟ್ಟನೆಯ ಕಾಂಡಗಳು ಉಳಿದುಕೊಳ್ಳುತ್ತವೆ, ಅಡ್ಡ ಗೆರೆಗಳು ಮೊದಲು ಕರಗುತ್ತವೆ. ಎಲ್ಲ ಕಡೆಗೂ ಸಮನಾಗಿ ಮಸುಕು ಮಾಡುವ ಗಾಸಿಯನ್ ಬ್ಲರ್ ಇಲ್ಲಿ ಸಲ್ಲದು. ಅದು ಚಿತ್ರ ಔಟ್ ಆಫ್ ಫೋಕಸ್ ಆದಂತೆ ತೋರಿಸುತ್ತದೆ. `Filter > Blur > Motion Blur` ತೆರೆದು `Angle` 90 ಇಟ್ಟು ಹತ್ತು ಹದಿನೈದು ಪಿಕ್ಸೆಲ್ ಕೊಟ್ಟು ನೋಡಿ.

ಅಲೆಗಳೇ ಕಾಣಬೇಕೆಂದರೆ `Filter > Distort > Displace` ಬೇಕು. ಇದು ಇನ್ನೊಂದು ಬೂದು ಬಣ್ಣದ ಪಿಎಸ್‌ಡಿ ಫೈಲಿನ ಪ್ರಕಾರ ಪಿಕ್ಸೆಲ್‌ಗಳನ್ನು ಸರಿಸುತ್ತದೆ. ನಡುಬೂದು ಇದ್ದಲ್ಲಿ ಪಿಕ್ಸೆಲ್ ಕದಲುವುದಿಲ್ಲ. ಪೂರ್ತಿ ಕಪ್ಪು ಅಥವಾ ಬಿಳಿ ಇದ್ದಲ್ಲಿ, ಸ್ಕೇಲ್ 100 ಕೊಟ್ಟರೆ, 128 ಪಿಕ್ಸೆಲ್ ಸರಿಯುತ್ತದೆ. ನಮಗೆ `Vertical Scale` 10, `Horizontal Scale` 2 ಸಾಕು. ಮುಖ್ಯವಾದ್ದು ಆ ಬೂದು ಫೈಲನ್ನು ತಯಾರಿಸುವ ಬಗೆ. ನಾಯ್ಸ್ ಹಾಕಿ, ಮಸುಕು ಮಾಡಿ, ಅಡ್ಡಕ್ಕೆ ಹಿಗ್ಗಿಸಿ. ನಂತರ ಪರ್ಸ್‌ಪೆಕ್ಟಿವ್ ಟ್ರಾನ್ಸ್‌ಫಾರ್ಮ್‌ನಿಂದ ಮೇಲಿನ ತುದಿಯನ್ನು ಇರುಕಿಸಿ ಕೆಳಗಿನ ತುದಿಯನ್ನು ಅಗಲಿಸಿ. ದೂರದ ಅಲೆ ಕೂದಲೆಳೆಯಷ್ಟು, ಹತ್ತಿರದ್ದು ಗೇಣಗಲ. ಇಡೀ ಕೆರೆಯ ಮೇಲೆ ಒಂದೇ ಅಳತೆಯ ಅಲೆ ಓಡಿದ್ದರೆ ನೀರು ಮಲಗಿದಂತೆ ಕಾಣುವುದಿಲ್ಲ, ಪರದೆ ಇಳಿಬಿಟ್ಟಂತೆ ನಿಂತುಬಿಡುತ್ತದೆ.

ಎದುರು ದಡದ ಬುಡದಲ್ಲಿ ಎಳೆಯಷ್ಟು ತೆಳುವಾದ ಬೆಳ್ಳನೆಯ ಪಟ್ಟಿಯೊಂದನ್ನು ಎಳೆಯುವುದು ನನಗೆ ಇಷ್ಟ. ನಿಜವಾದ ಕೆರೆಗಳಲ್ಲಿ ಸಣ್ಣ ಗಾಳಿ ಸೋಕಿದ ಜಾಗ ಹೀಗೆ ಕಾಣುತ್ತದೆ. ಅಲೆಯ ನಮ್ಮ ಕಡೆಯ ಇಳಿಜಾರು ಮರದ ಬದಲು ಮೇಲಿನ ಆಕಾಶವನ್ನು ತೋರಿಸುವುದೇ ಅದಕ್ಕೆ ಕಾರಣ. ಮರಕ್ಕೂ ಬಿಂಬಕ್ಕೂ ನಡುವಿನ ಬೆಸುಗೆ ಗುರುತೂ ಆ ಪಟ್ಟಿಯಡಿ ಮುಚ್ಚಿಹೋಗುತ್ತದೆ.

ಈ ವಿಧಾನಕ್ಕೆ ಮಿತಿಯಿದೆ. ಮೊಬೈಲನ್ನು ನೀರಿಗೆ ತಾಗುವಷ್ಟು ಕೆಳಗೆ ಹಿಡಿದು ತೆಗೆದ ಚಿತ್ರಕ್ಕೆ ಇಷ್ಟೆಲ್ಲ ರಗಳೆ ಬೇಡ. ಅಲ್ಲಿ ದಿಗಂತವೂ ನೀರಂಚೂ ಒಂದೇ ಆಗುವುದರಿಂದ ಎಲ್ಲವನ್ನೂ ಒಟ್ಟಿಗೆ ಮಗುಚಿದರೂ ಸರಿಹೋಗುತ್ತದೆ. ಅದಕ್ಕೆ ವಿರುದ್ಧವಾಗಿ ಗುಡ್ಡದ ಮೇಲಿನಿಂದ ಕೆರೆಯತ್ತ ಬಗ್ಗಿ ತೆಗೆದ ಚಿತ್ರಕ್ಕೆ ಪ್ರತಿಬಿಂಬ ಸೇರಿಸುವ ಹಟ ಮಾಡಬೇಡಿ. ನೀರು ಅಲ್ಲಿ ಮರದ ಎಲೆಗಳ ಅಡಿಭಾಗವನ್ನು ತೋರಿಸಬೇಕು, ನಿಮ್ಮ ಚಿತ್ರದಲ್ಲಿರುವುದು ನೆತ್ತಿ. ಇಲ್ಲದ್ದನ್ನು ಮಗುಚಲಾಗದು. ಗಾಳಿಗೆ ಹುಲ್ಲು ಬಾಗಿರುವ, ಸೆರಗು ಹಾರುತ್ತಿರುವ ಚಿತ್ರದಲ್ಲಿ ಕನ್ನಡಿಯಂಥ ನೀರೂ ಹೊಂದುವುದಿಲ್ಲ. ಆಕಾಶದಲ್ಲಿ ಹಕ್ಕಿಯಿದ್ದರೆ ಅದು ಬೆಟ್ಟದ ಜೊತೆ ಮಗುಚಿಕೊಂಡು ನೀರಿಗೆ ಬಂದಿರುತ್ತದೆ. ಹತ್ತಿರದಲ್ಲಿ ಹಾರುವ ಹಕ್ಕಿಯ ಬಿಂಬ ಬೀಳುವುದು ಬೇರೆಯೇ ಕಡೆ, ಆದ್ದರಿಂದ ನೀರಿನ ಹಕ್ಕಿಯನ್ನು ಅಳಿಸಿಬಿಡಿ.

ಮುಗಿದ ಮೇಲೆ ಪರೀಕ್ಷೆಗೆ ಎರಡೇ ಪ್ರಶ್ನೆ. ಪ್ರತಿ ಶಿಖರದ ನೇರ ಕೆಳಗೇ ಅದರ ಬಿಂಬ ಇದೆಯೇ? ಒಂದು ಲಂಬ ಗೈಡ್ ಎಳೆದರೆ ಗೊತ್ತಾಗುತ್ತದೆ. ಮರಗಳಾಚೆ ಕಾಣುವ ಬೆಟ್ಟ ಮೇಲಿಗಿಂತ ನೀರಿನಲ್ಲಿ ಕಡಿಮೆ ಇದೆಯೇ? ಎರಡಕ್ಕೂ ಹೌದು ಎಂದು ಬಂದರೆ ಕಿರಿಕಿರಿ ಹೋಗಿರುತ್ತದೆ.

ಹೀಗೆ ಮಾಡಿದ ಚಿತ್ರವನ್ನು ಕ್ಯಾಲೆಂಡರಿಗೆ, ಆಲ್ಬಮ್ಮಿಗೆ, ಗೋಡೆಗೆ ಬಳಸಿಕೊಳ್ಳಿ. ಪತ್ರಿಕೆಯ ಸುದ್ದಿಚಿತ್ರವಾಗಿ ಕೊಡಬೇಡಿ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್‌ನ ಮನ್ನಣೆಯಲ್ಲಿ ನಡೆಯುವ ಸ್ಪರ್ಧೆಗಳ ನಿಸರ್ಗ ವಿಭಾಗಕ್ಕೂ ಇದನ್ನು ಕಳುಹಿಸುವಂತಿಲ್ಲ. ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಇದ್ದದ್ದರ ಜಾಗ ಬದಲಿಸಬಾರದು ಎಂದು ಆ ವಿಭಾಗದ ನಿಯಮವೇ ಹೇಳುತ್ತದೆ.